ಕೂಸಿನ ಡಬ್ಬಿ ಹಾಲಿಗೆ ನೀರು

ಖಾನಾಪುರದ ಕಣಕುಂಬಿಯಲ್ಲಿ ಹುಟ್ಟಿ, ಬೈಲಹೊಂಗಲದ ಸೀಮೆಯನ್ನು ಹಾಯ್ದು, ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟಿನ ಹಿಂದೆ ರೇಣುಕಾಸಾಗರವಾಗಿ ನಿಂತು, ಅಲ್ಲಿಂದ ಮುಂದೆ ರಾಮದುರ್ಗದ ಮಗ್ಗುಲಲ್ಲಿ ಹರಿದುಹೋಗುವ ಮಲಪ್ರಭೆ ಈ ಭಾಗದ ಜನರಿಗೆ ತಾಯಿಯೇ ಸರಿ. ಆದರೆ ಹೊಳೆಯಲ್ಲಿ ಹರಿಯುವ ನೀರು ನಳಕ್ಕೆ ಬಂದು, ನಳದಿಂದ ಕೊಡಕ್ಕೆ ಇಳಿದು, ಕೊಡದಿಂದ ಒಲೆಯ ಮೇಲಿನ ಬೋಗುಣಿಗೆ ಬೀಳುವಷ್ಟರಲ್ಲಿ ಅದು ಎಷ್ಟು ಕೈಗಳನ್ನೂ ಎಷ್ಟು ಸಂದುಗಳನ್ನೂ ದಾಟಿ ಬಂದಿರುತ್ತದೆಂಬುದನ್ನು ನಾವು ಸಾಮಾನ್ಯವಾಗಿ ಯೋಚಿಸುವುದಿಲ್ಲ. 2022ರ ಅಕ್ಟೋಬರ್ ತಿಂಗಳಲ್ಲಿ ರಾಮದುರ್ಗ ತಾಲೂಕಿನ ಮುದೇನೂರಿನಲ್ಲಿ ಕುಡಿಯುವ ನೀರು ಕಲುಷಿತವಾಗಿ ಬಹುಜನರು ವಾಂತಿಭೇದಿಗೆ ತುತ್ತಾಗಿ ಆಸ್ಪತ್ರೆಯನ್ನು ಸೇರಿದರು, ಸಾವುಗಳೂ ಸಂಭವಿಸಿದವು. ಬೆಳೆದ ದೇಹವನ್ನೇ ಕೆಡವಿದಂಥ ನೀರು, ಹುಟ್ಟಿ ಹದಿನೈದು ದಿನವಾದ, ಎರಡೂವರೆ ಕಿಲೋ ತೂಗುವ ಕೂಸಿನ ಹೊಟ್ಟೆಯನ್ನು ಸೇರಿದರೆ ಏನಾದೀತೆಂಬುದನ್ನು ವಿವರಿಸಬೇಕಾಗಿಲ್ಲ.

ಮೊದಲೇ ಹೇಳಬೇಕಾದ ಮಾತೊಂದಿದೆ. ತಾಯಿಯ ಹಾಲು ದೊರೆಯುವ ಕೂಸಿಗೆ ಮೊದಲ ಆರು ತಿಂಗಳು ಬೇರೆ ಹಾಲೂ ಬೇಡ, ನೀರೂ ಬೇಡ. ರಾಮದುರ್ಗದ ಕಡುಬೇಸಗೆಯಲ್ಲಿಯೂ ಬೇಡ. ಎದೆಹಾಲಿನಲ್ಲಿ ನೀರಿನ ಅಂಶವೇ ಅಧಿಕವಾಗಿರುವುದರಿಂದ ಕೂಸಿನ ಬಾಯಾರಿಕೆ ಅದರಿಂದಲೇ ತಣಿಯುತ್ತದೆ. ನಮ್ಮ ಕಡೆಯ ಹಿರಿಯರು ವಾತ್ಸಲ್ಯದಿಂದಲೇ ಗುಟ್ಟಿ ತೇದು ಹಾಕುವುದೂ, ಬಟ್ಟಲಲ್ಲಿ ಎರಡು ಹನಿ ನೀರು ಕುಡಿಸುವುದೂ, ಜೇನು ನೆಕ್ಕಿಸುವುದೂ ಅನವಶ್ಯಕವಷ್ಟೇ ಅಲ್ಲ, ಆ ಎರಡು ಹನಿಯ ಜತೆಗೆ ಊರ ನೀರಿನ ಸಮಸ್ತ ದೋಷಗಳೂ ಒಳಗೆ ಹೋಗಬಲ್ಲವಾದ್ದರಿಂದ ಅಪಾಯಕರವೂ ಹೌದು. 1992ರಲ್ಲಿ ಕೇಂದ್ರ ಸರಕಾರವು ಮಾಡಿದ ಕಾನೂನು, ಶಿಶು ಆಹಾರದ ಪ್ರತಿ ಡಬ್ಬಿಯ ಮೇಲೂ ತಾಯಿಯ ಹಾಲೇ ಕೂಸಿಗೆ ಉತ್ತಮವೆಂದು ಎದ್ದುಕಾಣುವಂತೆ ಬರೆಯಬೇಕೆಂದು ವಿಧಿಸಿರುವುದಕ್ಕೆ ಕಾರಣವೂ ಇದೇ. ಆದರೆ ತಾಯಿ ಪ್ರಸವದಲ್ಲಿಯೇ ಗತಿಸಿದಾಗ, ಅವಳಿಗೆ ತೀವ್ರವಾದ ರೋಗವಿದ್ದಾಗ, ಅವಳಿ ಕೂಸುಗಳಿಗೆ ಹಾಲು ಸಾಲದೆಂದು ವೈದ್ಯರು ಕಂಡುಕೊಂಡಾಗ ಡಬ್ಬಿಯ ಹಾಲು ಅನಿವಾರ್ಯವಾಗುತ್ತದೆ. ಅಂಥ ಮನೆಯ ಬಾಣಂತಿಯನ್ನೂ ಅವಳ ತಾಯಿಯನ್ನೂ ಅಪರಾಧಿಗಳಂತೆ ಕಾಣುವುದು ಅನ್ಯಾಯ. ಅವರಿಗೆ ಬೇಕಾದದ್ದು ಉಪದೇಶವಲ್ಲ, ನೀರು ಕಾಯಿಸುವ ಸರಿಯಾದ ಕ್ರಮ. ಈ ಅಂಕಣವನ್ನು ಅವರಿಗಾಗಿಯೇ ಬರೆಯುತ್ತಿದ್ದೇನೆ.

ನೀರನ್ನು ಕುದಿಸಬೇಕೆಂಬುದನ್ನು ಬೈಲಹೊಂಗಲದಿಂದ ಕಿತ್ತೂರಿನವರೆಗೆ ಅರಿಯದ ಮನೆಯಿಲ್ಲ. ಆಶಾ ಕಾರ್ಯಕರ್ತೆಯೂ ಹೇಳಿರುತ್ತಾಳೆ, ಅಂಗನವಾಡಿಯಲ್ಲಿಯೂ ಕೇಳಿರುತ್ತಾರೆ. ಆದ್ದರಿಂದ ಮುಂಜಾನೆ ಒಂದು ಬೋಗುಣಿ ನೀರು ಕುದಿಸಿ, ಆರಿಸಿ, ಮುಚ್ಚಿಟ್ಟು, ದಿನವಿಡೀ ಕೂಸು ಅತ್ತಾಗಲೆಲ್ಲ ಅದೇ ನೀರನ್ನು ಬೆಚ್ಚಗೆ ಮಾಡಿ ಪುಡಿ ಕಲಸುವುದು ಬಹುಮಟ್ಟಿಗೆ ಎಲ್ಲ ಮನೆಗಳ ಪದ್ಧತಿಯಾಗಿದೆ. ನೋಡುವವರಿಗೆ ಇದರಲ್ಲಿ ದೋಷವೇ ಕಾಣುವುದಿಲ್ಲ. ದೋಷವಿರುವುದು ನೀರಿನಲ್ಲಿ ಅಲ್ಲ, ಪುಡಿಯಲ್ಲಿ. ಡಬ್ಬಿಯ ಪುಡಿಯು ಕಾರ್ಖಾನೆಯಿಂದ ಬಂದದ್ದು, ಮುದ್ರೆಯೊತ್ತಿ ಮುಚ್ಚಿದ್ದು, ಆದ್ದರಿಂದ ನಿರ್ಜಂತುಕವಾಗಿರಲೇಬೇಕೆಂದು ನಾವು ಭಾವಿಸುತ್ತೇವೆ. ವಸ್ತುಸ್ಥಿತಿ ಹಾಗಿಲ್ಲ. ಪುಡಿಯನ್ನು ಸಂಪೂರ್ಣವಾಗಿ ನಿರ್ಜಂತುಗೊಳಿಸುವುದು ಇಂದಿನ ತಯಾರಿಕೆಯ ವಿಧಾನದಿಂದ ಸಾಧ್ಯವಾಗಿಲ್ಲ. ಅತ್ಯುತ್ತಮವಾದ ಕಾರ್ಖಾನೆಯ ಪುಡಿಯಲ್ಲಿಯೂ ಅಪರೂಪಕ್ಕೆ ಕೆಲವು ಸೂಕ್ಷ್ಮಾಣುಗಳು ಉಳಿದಿರಬಹುದು. ಇವುಗಳಲ್ಲಿ ವಿಷಮಶೀತಜ್ವರದ ಬಳಗಕ್ಕೆ ಸೇರಿದ ಸಾಲ್ಮೊನೆಲ್ಲ ಒಂದು, ಕ್ರೋನೊಬ್ಯಾಕ್ಟರ್ ಎಂಬುದು ಇನ್ನೊಂದು. ಈ ಎರಡನೆಯದು ಒಣಪುಡಿಯಲ್ಲಿ ತಿಂಗಳುಗಟ್ಟಲೆ ಬದುಕಿರಬಲ್ಲುದು. ನೀರೂ ಹದವಾದ ಬಿಸಿಯೂ ದೊರೆತೊಡನೆ ಎಚ್ಚತ್ತು ಬಹುವೇಗದಿಂದ ವೃದ್ಧಿಯಾಗಬಲ್ಲುದು. 1958ರಲ್ಲಿ ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಪಟ್ಟಣದಲ್ಲಿ ಎರಡು ನವಜಾತ ಶಿಶುಗಳು ಈ ಸೂಕ್ಷ್ಮಾಣುವಿನಿಂದ ಮಿದುಳಿನ ಪೊರೆಗೆ ಸೋಂಕು ತಗುಲಿ ತೀರಿಕೊಂಡವು. ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾದ ಮೊದಲ ಪ್ರಕರಣಗಳು ಅವೇ. 2001ರಲ್ಲಿ ಅಮೆರಿಕದ ಟೆನೆಸಿ ರಾಜ್ಯದ ಆಸ್ಪತ್ರೆಯೊಂದರಲ್ಲಿ ಮತ್ತೊಂದು ಕೂಸು ಹೀಗೆಯೇ ಮೃತಪಟ್ಟಾಗ, ಶೋಧವು ನೇರವಾಗಿ ಹಾಲಿನ ಪುಡಿಯವರೆಗೆ ಹೋಗಿ ನಿಂತಿತು. ರೋಗ ವಿರಳ, ನಿಜ. ಆದರೆ ತಗುಲಿದ ಎಳೆಗೂಸು ಬದುಕುವುದು ಕಷ್ಟ, ಬದುಕಿದರೂ ಅನೇಕ ವೇಳೆ ಮಿದುಳಿಗೆ ಹಾನಿಯಾಗಿಯೇ ಉಳಿಯುತ್ತದೆ.

ಈ ಕಾರಣದಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯಲ್ಲಿ, ಪುಡಿಗೆ ಬೆರೆಸುವಾಗ ನೀರಿನ ಉಷ್ಣತೆ 70 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಿರಕೂಡದೆಂದು ಸ್ಪಷ್ಟವಾಗಿ ಹೇಳಿತು. ಆ ಬಿಸಿಯಲ್ಲಿ ಪುಡಿಯೊಳಗಿನ ಈ ಸೂಕ್ಷ್ಮಾಣುಗಳು ಶೀಘ್ರವಾಗಿ ಸಾಯುತ್ತವೆ. ಆದ್ದರಿಂದ ಕುದಿಸಿದ ನೀರು ಮಾಡಬೇಕಾದ ಕೆಲಸ ಎರಡು: ಮೊದಲನೆಯದು ತನ್ನೊಳಗಿನ ರೋಗಾಣುಗಳನ್ನು ಕಳೆದುಕೊಳ್ಳುವುದು, ಎರಡನೆಯದು ಬಿಸಿಯಿರುವಾಗಲೇ ಪುಡಿಯನ್ನು ಸೇರಿ ಪುಡಿಯ ರೋಗಾಣುಗಳನ್ನೂ ಕೊಲ್ಲುವುದು. ಕುದಿಸಿ ಆರಿಸಿಟ್ಟ ನೀರು ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಟ್ಟುಬಿಡುತ್ತದೆ. ಅಷ್ಟೇ ಅಲ್ಲ, ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿದ ಹಾಲು ಕ್ರೋನೊಬ್ಯಾಕ್ಟರಿನ ವೃದ್ಧಿಗೆ ಅತ್ಯಂತ ಅನುಕೂಲವಾದ ಬಿಸಿಯಲ್ಲಿಯೇ ಇರುತ್ತದೆ. ಕೆಲವು ಡಬ್ಬಿಗಳ ಮೇಲೆ ನೀರನ್ನು ಆರಿಸಿ ಬೆಚ್ಚಗಾದ ಮೇಲೆ ಬೆರೆಸಿರೆಂದೇ ಅಚ್ಚಾಗಿರುವುದರಿಂದ ಓದುವವರು ಗೊಂದಲಕ್ಕೆ ಬೀಳುವುದು ಸಹಜ. ಅತಿ ಬಿಸಿನೀರಿನಿಂದ ಕೆಲವು ಜೀವಸತ್ವಗಳು ಸ್ವಲ್ಪ ಕುಗ್ಗುವುದೂ, ಪುಡಿ ಗಂಟುಕಟ್ಟುವುದೂ ಸುಳ್ಳಲ್ಲ. ಆದರೂ ಎರಡು ತಿಂಗಳು ತುಂಬದ ಕೂಸು, ದಿನ ತುಂಬುವ ಮುನ್ನ ಹುಟ್ಟಿದ ಕೂಸು, ತೂಕ ಕಡಿಮೆಯಿರುವ ಕೂಸು, ಇವುಗಳ ವಿಷಯದಲ್ಲಿ ಬಿಸಿನೀರಿನ ಪಕ್ಷವೇ ನನಗೆ ಸರಿಯೆಂದು ತೋರುತ್ತದೆ. ಡಬ್ಬಿಯ ಬರಹ ಬೇರೆಯಾಗಿದ್ದರೆ ಡಬ್ಬಿಯನ್ನೇ ಮಕ್ಕಳ ವೈದ್ಯರ ಮುಂದಿಟ್ಟು ಕೇಳಿಕೊಳ್ಳುವುದು ಉಚಿತ.

ಇನ್ನು ನೀರಿನ ಆಯ್ಕೆ. ಕುದಿತವು ಜೀವವಿರುವ ದೋಷವನ್ನು ಮಾತ್ರ ಕಳೆಯುತ್ತದೆ. ನೀರಿನಲ್ಲಿ ಕರಗಿರುವ ಲವಣಗಳನ್ನು ಅದು ಮುಟ್ಟುವುದಿಲ್ಲ. ಮಲೆನಾಡಿನ ಅಂಚಿಗಿರುವ ಕಿತ್ತೂರಿನ ಕಡೆಯ ಬಾವಿಯ ನೀರಿಗೂ, ಮಳೆ ಕಡಿಮೆಯಾದ ಎರೆಭೂಮಿಯ ರಾಮದುರ್ಗದ ಕೊಳವೆಬಾವಿಯ ನೀರಿಗೂ ಇರುವ ಅಂತರವನ್ನು ಬೇಳೆ ಬೇಯಿಸುವ ಹೆಣ್ಣುಮಕ್ಕಳು ನಾಲಗೆಯಿಂದಲೂ ಒಲೆಯಿಂದಲೂ ಬಲ್ಲರು. ಆದರೆ ನಾಲಗೆಗೆ ತಿಳಿಯದ ಲವಣವೊಂದಿದೆ, ಅದು ನೈಟ್ರೇಟು. ಹೊಲಕ್ಕೆ ಹಾಕಿದ ಯೂರಿಯದಿಂದಲೂ, ತಿಪ್ಪೆಯಿಂದಲೂ, ಶೌಚದ ಗುಂಡಿಯಿಂದಲೂ ಇಳಿದ ಸಾರಜನಕವು ಅಂತರ್ಜಲವನ್ನು ಸೇರಿ ಈ ರೂಪವನ್ನು ತಾಳುತ್ತದೆ. ಎಳೆಗೂಸಿನ ಹೊಟ್ಟೆಯಲ್ಲಿ ಅದು ನೈಟ್ರೈಟಾಗಿ ಮಾರ್ಪಟ್ಟು, ರಕ್ತದ ಕೆಂಪುಕಣಗಳು ಪ್ರಾಣವಾಯುವನ್ನು ಹೊರುವ ಶಕ್ತಿಯನ್ನೇ ಕುಂದಿಸುತ್ತದೆ; ಕೂಸಿನ ತುಟಿಯೂ ಉಗುರೂ ನೀಲಿಗಟ್ಟುತ್ತವೆ. ಬಾವಿಯ ನೀರಿನಲ್ಲಿ ಕಲಸಿದ ಹಾಲು ಕುಡಿದ ಕೂಸುಗಳು ಹೀಗೆ ನೀಲಿಯಾದುದನ್ನು ಅಮೆರಿಕದ ಅಯೋವಾದಲ್ಲಿ ಹಂಟರ್ ಕಾಮ್ಲಿ ಎಂಬ ವೈದ್ಯರು 1945ರಲ್ಲಿ ಮೊದಲು ವರದಿ ಮಾಡಿದರು. ನಮ್ಮ ದೇಶದ ಮಾನಕದ ಪ್ರಕಾರ ಕುಡಿಯುವ ನೀರಿನ ಲೀಟರಿಗೆ 45 ಮಿಲಿಗ್ರಾಮಿಗಿಂತ ಹೆಚ್ಚು ನೈಟ್ರೇಟು ಇರಕೂಡದು.

ಈಗ ಹಿರಿಯರ ಇನ್ನೊಂದು ನಂಬಿಕೆಯನ್ನು ಇಲ್ಲಿಯೇ ಪರಿಶೀಲಿಸೋಣ. ನೀರನ್ನು ಅರ್ಧಕ್ಕೆ ಇಳಿಯುವಂತೆ ಕುದಿಸಿದರೆ ಅದು ಹೆಚ್ಚು ಶುದ್ಧವಾಗುತ್ತದೆಂದು ಅನೇಕರು ತಿಳಿದಿದ್ದಾರೆ. ಒಂದು ಲೀಟರು ನೀರಿನಲ್ಲಿ 30 ಮಿಲಿಗ್ರಾಮು ನೈಟ್ರೇಟು ಇತ್ತೆಂದು ಇಟ್ಟುಕೊಳ್ಳಿ. ಅದು ಮಿತಿಯೊಳಗೇ ಇದೆ. ಅದನ್ನು ಅರ್ಧಕ್ಕೆ ಇಳಿಸಿದರೆ ಆವಿಯಾಗಿ ಹೋಗುವುದು ನೀರು ಮಾತ್ರ, ಲವಣವಲ್ಲ. ಉಳಿದ ಅರ್ಧ ಲೀಟರಿನಲ್ಲಿ ಅದೇ 30 ಮಿಲಿಗ್ರಾಮು ನಿಂತು, ಲೀಟರಿಗೆ 60ರ ಲೆಕ್ಕಕ್ಕೆ ಏರಿ, ಮಿತಿಯನ್ನು ಮೀರುತ್ತದೆ. ಫ್ಲೋರೈಡಿನ ಗತಿಯೂ ಇದೇ. ಕಷಾಯಕ್ಕೆ ಸಲ್ಲುವ ಪದ್ಧತಿ ಕೂಸಿನ ಹಾಲಿನ ನೀರಿಗೆ ಸಲ್ಲದು. ಕುದಿಸಿ ಉಳಿದ ನೀರನ್ನೇ ಮತ್ತೆ ಮತ್ತೆ ಕುದಿಸುವುದೂ ಇದೇ ಕಾರಣದಿಂದ ವರ್ಜ್ಯ. ಪ್ರತಿಸಲ ಹೊಸ ನೀರನ್ನೇ ಇಡಬೇಕು.

ಹಾಗಾದರೆ ಯಾವ ನೀರು? ಸಂಸ್ಕರಿಸಿ ಕ್ಲೋರಿನ್ ಬೆರೆಸಿದ ಹೊಳೆಯ ನೀರು ನಳದಲ್ಲಿ ಬರುವ ಊರಿನವರು ಅದನ್ನೇ ಬಳಸಬಹುದು. ಕೊಳವೆಬಾವಿಯೊಂದೇ ಗತಿಯಾದವರು ಅದರ ನೀರನ್ನು ಒಮ್ಮೆಯಾದರೂ ಪರೀಕ್ಷೆಗೆ ಕೊಡಿಸಬೇಕು. ಗ್ರಾಮ ಪಂಚಾಯಿತಿಯನ್ನು ಕೇಳಿದರೆ ಅದಕ್ಕೆ ದಾರಿ ತೋರಿಸಬಲ್ಲರು. ಊರೂರಲ್ಲಿ ನಿಂತಿರುವ ಶುದ್ಧ ಕುಡಿಯುವ ನೀರಿನ ಘಟಕಗಳ ನೀರು, ಘಟಕದ ಪೊರೆ ಸರಿಯಾಗಿದ್ದ ಪಕ್ಷದಲ್ಲಿ, ನೈಟ್ರೇಟನ್ನೂ ಫ್ಲೋರೈಡನ್ನೂ ಬಹುಪಾಲು ಕಳೆದುಕೊಂಡಿರುತ್ತದೆ. ಆದರೆ ಆ ನೀರನ್ನು ಕುದಿಸಬೇಕಾಗಿಲ್ಲವೆಂಬ ಭಾವನೆ ತಪ್ಪು. ಘಟಕದಿಂದ ಹೊರಬಿದ್ದ ಮೇಲೆ ಅದನ್ನು ಕಾಯಲು ಕ್ಲೋರಿನ್ ಇರುವುದಿಲ್ಲ. ಕ್ಯಾನಿನ ಒಳಮೈಯಲ್ಲಿ ಲೋಳೆ ಕಟ್ಟಿದ್ದರೆ, ಮುಚ್ಚಳವನ್ನು ನೆಲದ ಮೇಲೆ ಇಟ್ಟಿದ್ದರೆ, ಶುದ್ಧನೀರು ಮನೆಗೆ ಬರುವ ಹೊತ್ತಿಗೆ ಅಶುದ್ಧವಾಗಿರುತ್ತದೆ. ಲವಣಕ್ಕೆ ಘಟಕ, ರೋಗಾಣುವಿಗೆ ಕುದಿತ. ಒಂದರ ಕೆಲಸವನ್ನು ಇನ್ನೊಂದು ಮಾಡದು. ಮಳೆಗಾಲದಲ್ಲಿ ಹೊಳೆಗೆ ಕೆಂಪು ನೀರು ಬಂದು ನಳವೂ ಕದಡಿದಾಗ, 2019ರ ಆಗಸ್ಟಿನ ಮಹಾಪೂರದಂಥ ಸಂದರ್ಭದಲ್ಲಿ ಬಾವಿಗಳಿಗೇ ಹೊಳೆಯ ನೀರು ನುಗ್ಗಿದಾಗ, ಮೊದಲು ನೀರನ್ನು ತಿಳಿಗೊಳ್ಳಲು ಬಿಟ್ಟು, ಒಗೆದೊಣಗಿಸಿದ ಬಿಳಿ ಅರಿವೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿ, ಆಮೇಲೆ ಒಲೆಯ ಮೇಲಿಡಬೇಕು.

ಪಾತ್ರೆಯ ವಿಷಯದಲ್ಲಿ ನನಗೆ ಒಂದು ಆಗ್ರಹವಿದೆ. ನೀರಿಗೆ ತಾಮ್ರವೇ ಶ್ರೇಷ್ಠವೆಂಬ ಭಾವನೆ ನಮ್ಮಲ್ಲಿ ಪ್ರಾಚೀನವಾದುದು. ದೊಡ್ಡವರ ಕುಡಿಯುವ ನೀರಿಗೆ ಅದು ಇರಲಿ. ಆದರೆ ನಮಗೆ ದೂರವಲ್ಲದ ಪುಣೆಯ ಮಕ್ಕಳ ವೈದ್ಯರು ಇಂಗ್ಲೆಂಡಿನ ಡಾ. ಟ್ಯಾನರ್ ಅವರೊಡನೆ ಸೇರಿ 1983ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಎಳೆಯ ಮಕ್ಕಳ ಯಕೃತ್ತನ್ನು ಕಲ್ಲಾಗಿಸಿ ಕೊಲ್ಲುತ್ತಿದ್ದ ರೋಗವೊಂದಕ್ಕೂ, ಹಿತ್ತಾಳೆ ಮತ್ತು ತಾಮ್ರದ ಪಾತ್ರೆಗಳಲ್ಲಿ ಕಾಯಿಸಿಟ್ಟ ಪ್ರಾಣಿಯ ಹಾಲನ್ನು ಬಹು ಎಳವೆಯಲ್ಲಿಯೇ ಕುಡಿಸುತ್ತಿದ್ದುದಕ್ಕೂ ಸಂಬಂಧವಿರಬಹುದೆಂದು ತೋರಿಸಿದರು. ಆ ಪಾತ್ರೆಗಳು ಅಡಿಗೆಮನೆಯಿಂದ ಹಿಂದೆ ಸರಿದಂತೆ ಆ ರೋಗವೂ ವಿರಳವಾಯಿತು. ಆದಕಾರಣ ಕೂಸಿನ ನೀರಿಗೂ ಹಾಲಿಗೂ ಸ್ಟೀಲಿನ ಬೋಗುಣಿಯೇ ಸರಿ. ಅದೂ ಕೂಸಿಗೆಂದೇ ಮೀಸಲಾದ, ಸಾರು-ಪಲ್ಯದ ಜಿಡ್ಡು ಸೋಂಕದ ಬೋಗುಣಿ.

ಇಷ್ಟಾದ ಮೇಲೆ ಒಂದು ಮನೆಯನ್ನು ಕಲ್ಪಿಸಿಕೊಂಡು ಒಂದು ಹೊತ್ತಿನ ಹಾಲನ್ನು ಆದ್ಯಂತವಾಗಿ ಮಾಡಿ ನೋಡೋಣ. ಸವದತ್ತಿಯಲ್ಲಿ ತವರುಮನೆಗೆ ಬಾಣಂತನಕ್ಕೆ ಬಂದ ಮಗಳು. ಒಂದು ತಿಂಗಳ ಅವಳಿಗಳು. ಎದೆಹಾಲಿನ ಜತೆಗೆ ದಿನಕ್ಕೆ ಕೆಲವು ಸಲ ಪುಡಿಹಾಲು ಕೊಡಿರೆಂದು ವೈದ್ಯರು ಹೇಳಿದ್ದಾರೆ. ಸಂಜೆ ಆರು ಗಂಟೆಗೆ ತಲಾ 60 ಮಿಲಿ ಹಾಲು ಬೇಕು. ಕೂಸಿನ ತಾಯಿ ಎದೆಗೆ ಒಂದನ್ನು ಹಾಕಿಕೊಂಡು ಕುಳಿತಿರುವಾಗ ಒಲೆಯ ಕೆಲಸ ಅವಳ ಅವ್ವನದು.

ಅವ್ವ ಮೊದಲು ಸಾಬೂನು ಹಚ್ಚಿ ಕೈ ತೊಳೆದುಕೊಂಡು, ಬೋಗುಣಿಗೆ ಒಂದು ಲೀಟರು ನೀರು ಹಾಕಿ ಮುಚ್ಚಳವಿಟ್ಟು ಒಲೆ ಹೊತ್ತಿಸುತ್ತಾಳೆ. ಬೇಕಾದದ್ದು 120 ಮಿಲಿ ಮಾತ್ರವಾದರೂ ಒಂದು ಲೀಟರು ಏಕೆಂದರೆ, ಸ್ವಲ್ಪ ನೀರು ಬೇಗ ಆರುತ್ತದೆ, ಹೆಚ್ಚು ನೀರು ನಿಧಾನವಾಗಿ ಆರುತ್ತದೆ. ಒಂದು ಲೀಟರು ನೀರು ಕುದಿದು ಇಳಿಸಿದ ಅರ್ಧ ಗಂಟೆಯವರೆಗೂ 70 ಡಿಗ್ರಿಗಿಂತ ಕೆಳಗಿಳಿಯದೆಂಬ ಲೆಕ್ಕದ ಮೇಲೆಯೇ ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ ನಿಂತಿದೆ. ಒಂದು ಲೋಟದಷ್ಟೇ ನೀರನ್ನು ಕುದಿಸಿಟ್ಟು ಅರ್ಧ ಗಂಟೆ ಕಾಯುವವರು ಈ ನಿಯಮವನ್ನು ಪಾಲಿಸಿದಂತೆ ತೋರಿದರೂ ಅದನ್ನು ಮುರಿದಿರುತ್ತಾರೆ. ನೀರು ಕಾಯತೊಡಗಿದಾಗ ತಳದಲ್ಲಿ ಸಣ್ಣ ಗುಳ್ಳೆಗಳು ಏಳುತ್ತವೆ, ಅಂಚಿನಲ್ಲಿ ಸಿಮಿಸಿಮಿ ಸದ್ದಾಗುತ್ತದೆ, ಆವಿಯೂ ಕಾಣುತ್ತದೆ. ಅದು ಕುದಿತವಲ್ಲ, ಕರಗಿದ್ದ ಗಾಳಿ ಹೊರಬೀಳುವ ಸೂಚನೆ. ನೀರು ತಳದಿಂದ ಮೇಲಕ್ಕೆ ಹೊರಳಿ ಹೊರಳಿ ಉಕ್ಕಿ, ಚಮಚೆಯಿಂದ ತಿರುವಿದರೂ ಅಡಗದಿದ್ದರೆ ಆಗ ಅದು ಕಳಮಳ ಕುದಿಯುತ್ತಿದೆಯೆಂದು ತಿಳಿಯಬೇಕು. ಅಲ್ಲಿಂದ ಒಂದು ನಿಮಿಷ ಸಾಕು. ನಮ್ಮ ಈ ತಾಲೂಕುಗಳು ಸಮುದ್ರಮಟ್ಟಕ್ಕಿಂತ ಸುಮಾರು ಆರು ನೂರು, ಏಳು ನೂರು ಮೀಟರು ಎತ್ತರದಲ್ಲಿರುವುದರಿಂದ ಇಲ್ಲಿ ನೀರು 100ರ ಬದಲು ಹೆಚ್ಚುಕಡಿಮೆ 98 ಡಿಗ್ರಿಯಲ್ಲಿಯೇ ಕುದಿಯುತ್ತದೆ. ರೋಗಾಣುಗಳ ಪಾಲಿಗೆ ಆ ಎರಡು ಡಿಗ್ರಿಯಿಂದ ಏನೂ ವ್ಯತ್ಯಾಸವಿಲ್ಲ. ನಿಜಕ್ಕೂ ಅವು 70ರ ಮೇಲೆಯೇ ಸಾಯತೊಡಗುತ್ತವೆ. ಆದರೂ ಕುದಿಸಲೇಬೇಕೆನ್ನುವುದೇಕೆಂದರೆ, ಮಾಪಕವಿಲ್ಲದ ಅಡಿಗೆಮನೆಯಲ್ಲಿ ಬಿಸಿ ಸಾಕಷ್ಟಾಯಿತೆಂದು ಕಣ್ಣಿಗೆ ನಿಸ್ಸಂಶಯವಾಗಿ ತೋರುವ ಗುರುತು ಕುದಿತವೊಂದೇ. ವಿದ್ಯುತ್ತಿನ ಕೆಟಲ್ ಉಳ್ಳವರು ಅದು ಕುದಿದು ತಾನಾಗಿ ಬಂದಾಗುವವರೆಗೆ ಬಿಟ್ಟರೆ ಸಾಕು.

ಇನ್ನೊಂದು ಬೋಗುಣಿಯಲ್ಲಿ, ಚೆನ್ನಾಗಿ ಉಜ್ಜಿ ತೊಳೆದ ಒಳಲೆಗಳೂ, ಹಾಲು ಕಲಸುವ ಎರಡು ಅಳತೆಯ ಪಾತ್ರೆಗಳೂ, ಒಂದು ಚಮಚೆಯೂ ನೀರಿನಲ್ಲಿ ಪೂರ್ತಿ ಮುಳುಗಿ ಕುದಿದಿವೆ. ಬಾಟ್ಲಿಗಿಂತ ಒಳಲೆಯೇ ಮೇಲೆಂದು ನಾನು ದೃಢವಾಗಿ ನಂಬಿದ್ದೇನೆ. ಬಾಟ್ಲಿಯ ಕೊರಳಲ್ಲಿಯೂ ರಬ್ಬರಿನ ತುದಿಯ ಒಳಗಡೆಯೂ ಹಾಲಿನ ಜಿಡ್ಡು ಅಡಗಿ ಕೂತು ಬ್ರಶ್ಶಿಗೂ ಸಿಗುವುದಿಲ್ಲ. ಬೆಳ್ಳಿಯದಾಗಲಿ ಸ್ಟೀಲಿನದಾಗಲಿ ಅಗಲ ಬಾಯಿಯ ಒಳಲೆಯಲ್ಲಿ ಬೆರಳು ಮುಟ್ಟದ ಮೂಲೆಯೆಂಬುದಿಲ್ಲ. ನಮ್ಮ ಅಜ್ಜಿಯರು ಬಳಸಿದ ಈ ಪುಟ್ಟ ಪಾತ್ರೆಯನ್ನು ನಾಗರಿಕತೆಯ ಹೆಸರಿನಲ್ಲಿ ಕಪಾಟಿನ ಮೇಲಕ್ಕೆ ಸರಿಸಿದ್ದು ಸರಿಯಾಗಲಿಲ್ಲ. ಅದರ ಕೊಕ್ಕಿನಂಥ ತುದಿಯನ್ನು ಮಾತ್ರ ಸೂಕ್ಷ್ಮವಾಗಿ ತೊಳೆಯಬೇಕು. ಕೂಸನ್ನು ತುಸು ಎತ್ತಿ ಹಿಡಿದು, ಅದು ನುಂಗಿದಷ್ಟನ್ನೇ ಹನಿಸಬೇಕು, ಸುರಿಯಬಾರದು.

ನೀರನ್ನು ಇಳಿಸಿ, ಮುಚ್ಚಳ ತೆಗೆಯದೆ, ಗಡಿಯಾರ ನೋಡಿ ಅರ್ಧ ಗಂಟೆಯ ಒಳಗೆಯೇ ಅವ್ವ ಒಂದೊಂದು ಅಳತೆಯ ಪಾತ್ರೆಗೂ 60 ಮಿಲಿ ನೀರನ್ನು ಹಾಕುತ್ತಾಳೆ. ಮೊದಲು ನೀರು, ಆಮೇಲೆ ಪುಡಿ. ಪುಡಿ ಹಾಕಿ ಮೇಲೆ ನೀರು ತುಂಬಿದರೆ ನೀರಿನ ಅಳತೆ ಕಡಿಮೆಯಾಗಿ ಹಾಲು ಗಟ್ಟಿಯಾಗುತ್ತದೆ, ಕೂಸಿನ ಮೂತ್ರಪಿಂಡಕ್ಕೆ ಭಾರವಾಗುತ್ತದೆ. ಬಹಳಷ್ಟು ಡಬ್ಬಿಗಳಲ್ಲಿ 30 ಮಿಲಿ ನೀರಿಗೆ ಒಂದು ಅಳತೆ ಪುಡಿಯೆಂದಿರುತ್ತದೆ. ಇವಳ ಡಬ್ಬಿಯ ಮೇಲೂ ಹಾಗೆಯೇ ಇರುವುದರಿಂದ 60 ಮಿಲಿಗೆ ಎರಡು ಅಳತೆ, ಅದೇ ಡಬ್ಬಿಯೊಳಗಿನ ಚಮಚೆಯಿಂದ, ಚಾಕುವಿನ ಬೆನ್ನಿನಿಂದ ಸಮಮಾಡಿ, ಒತ್ತದೆ. ತಿಂಗಳ ಕೊನೆಗೆ ಡಬ್ಬಿ ಉಳಿಯಲೆಂದು ಎರಡರ ಬದಲು ಒಂದೂವರೆ ಹಾಕುವ ಮನೆಗಳಿವೆ. ಅಂಥ ನೀರುಹಾಲನ್ನು ಕುಡಿದ ಕೂಸು ಹೊಟ್ಟೆ ತುಂಬಿದಂತೆ ಮಲಗುತ್ತದೆ, ತೂಕ ಮಾತ್ರ ಏರುವುದಿಲ್ಲ. ಬಡತನ ಹಾಗೆ ಮಾಡಿಸುತ್ತದೆಂಬುದು ನನಗೆ ತಿಳಿದಿದೆ. ಅಂಥವರು ಅದನ್ನು ವೈದ್ಯರಿಗೂ ಆಶಾ ಕಾರ್ಯಕರ್ತೆಗೂ ಮುಚ್ಚದೆ ಹೇಳಬೇಕು.

ಪುಡಿ ಕರಗಿದ ಮೇಲೆ ಹಾಲು ಇನ್ನೂ ಬಾಯಿ ಸುಡುವಷ್ಟು ಬಿಸಿಯಿರುತ್ತದೆ. ಅದನ್ನು ಆರಿಸಲು ತಣ್ಣೀರು ಬೆರೆಸುವುದಾಗಲಿ, ಬಾಯಿಂದ ಊದುವುದಾಗಲಿ, ಪಾತ್ರೆಯಿಂದ ಪಾತ್ರೆಗೆ ಎತ್ತಿ ಸುರಿಯುವುದಾಗಲಿ ಕೂಡದು. ಹಾಲಿನ ಪಾತ್ರೆಯನ್ನು ಮುಚ್ಚಿ, ತಣ್ಣೀರಿನ ಬೋಗುಣಿಯಲ್ಲಿ, ಹೊರಗಿನ ನೀರು ಬಾಯಿಗೆ ಮುಟ್ಟದ ಮಟ್ಟದಲ್ಲಿ ಇಳಿಸಿಟ್ಟು, ಆಗಾಗ ಅಲುಗಿಸಿದರೆ ಕೆಲವೇ ನಿಮಿಷಗಳಲ್ಲಿ ಆರುತ್ತದೆ. ಆಮೇಲೆ ಹೊರಮೈಯನ್ನು ಶುಭ್ರವಾದ ಅರಿವೆಯಿಂದ ಒರೆಸಿ, ಮುಂಗೈಯ ಒಳಭಾಗದ ಮೇಲೆ ಒಂದು ಹನಿ ಬಿಟ್ಟು ನೋಡಬೇಕು, ಬೆಚ್ಚಗೆನಿಸಬೇಕು, ಚುರುಕ್ಕೆನಿಸಬಾರದು. ಕಲಸಿದ ಹೊತ್ತಿನಿಂದ ಎರಡು ಗಂಟೆಯ ಒಳಗೆ ಕುಡಿಸಿಬಿಡಬೇಕು. ಕೂಸು ಅರ್ಧ ಕುಡಿದು ಮಲಗಿದರೆ ಉಳಿದದ್ದನ್ನು ಚೆಲ್ಲಬೇಕು. ಡಬ್ಬಿಯ ಬೆಲೆ ನೋಡಿದರೆ ಚೆಲ್ಲಲು ಯಾರಿಗೂ ಮನಸ್ಸು ಬಾರದು. ಅದಕ್ಕೆ ಉಪಾಯವೆಂದರೆ ಕಡಿಮೆ ಕಲಸುವುದು, ಬೇಕಾದರೆ ಮತ್ತೆ ಕಲಸುವುದು.

ಮತ್ತೆ ಕಲಸಲು ಬಿಸಿನೀರು ಎಲ್ಲಿಂದ? ನಡುರಾತ್ರಿಯಲ್ಲಿ ಎರಡು ಕೂಸುಗಳು ಒಟ್ಟಿಗೆ ಅತ್ತಾಗ ಒಲೆ ಹೊತ್ತಿಸಿ ಕೂಡುವುದು ಯಾವ ಅವ್ವನಿಗೂ ಸುಲಭವಲ್ಲ. ಇಲ್ಲಿಯೇ ನೀರಿನ ಸಂಗ್ರಹದ ಪ್ರಶ್ನೆ ಏಳುವುದು, ಮತ್ತು ಅದಕ್ಕೆ ಯೋಗ್ಯವಾದ ಉತ್ತರ ಥರ್ಮಾಸ್. ಒಳ್ಳೆಯ ಥರ್ಮಾಸಿಗೆ ಮೊದಲು ಕುದಿನೀರನ್ನು ಹಾಕಿ, ಐದು ನಿಮಿಷ ಬಿಟ್ಟು ಚೆಲ್ಲಿ, ಒಳಗು ಕಾದ ಮೇಲೆ ಹೊಸದಾಗಿ ಕುದಿದ ನೀರನ್ನು ಕಂಠದವರೆಗೆ ತುಂಬಿ ಬಿಗಿಯಾಗಿ ಮುಚ್ಚಬೇಕು. ಅರ್ಧ ತುಂಬಿದ ಥರ್ಮಾಸ್ ಬೇಗ ಆರುತ್ತದೆ. ಅದರಲ್ಲಿ ಹಾಲನ್ನಾಗಲಿ ಚಹವನ್ನಾಗಲಿ ಎಂದೂ ಹಾಕಿರಬಾರದು. ಎಲ್ಲ ಥರ್ಮಾಸುಗಳ ಶಕ್ತಿಯೂ ಒಂದೇ ಅಲ್ಲವಾದ್ದರಿಂದ, 100 ಡಿಗ್ರಿಯವರೆಗೆ ಅಳೆಯುವ ಅಡಿಗೆಯ ಉಷ್ಣಮಾಪಕವೊಂದನ್ನು ತಂದು, ರಾತ್ರಿ ಹತ್ತಕ್ಕೆ ತುಂಬಿದ ನೀರು ಎರಡು ಗಂಟೆಗೆ ಎಷ್ಟಿದೆ, ನಾಲ್ಕು ಗಂಟೆಗೆ ಎಷ್ಟಿದೆಯೆಂದು ಒಮ್ಮೆ ನೋಡಿಟ್ಟುಕೊಂಡರೆ ಆ ಥರ್ಮಾಸನ್ನು ಎಷ್ಟು ಹೊತ್ತು ನಂಬಬಹುದೆಂಬುದು ಗೊತ್ತಾಗುತ್ತದೆ. ಜ್ವರ ನೋಡುವ ಮಾಪಕವನ್ನು ಬಿಸಿನೀರಿಗೆ ಅದ್ದಬಾರದು. ಅದು 42 ಡಿಗ್ರಿಯ ಆಸುಪಾಸಿಗೆ ಮುಗಿಯುತ್ತದೆ, ಗಾಜಿನದಾದರೆ ಒಡೆದುಹೋಗುತ್ತದೆ. ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಕೂಸಿನೊಡನೆ ಯಲ್ಲಮ್ಮನ ಗುಡ್ಡಕ್ಕೆ ಹೋಗುವವರಿಗೂ ಇದೇ ದಾರಿ: ಕಲಸಿದ ಹಾಲನ್ನು ಚಕ್ಕಡಿಯಲ್ಲಿಯೋ ಬಸ್ಸಿನಲ್ಲಿಯೋ ಒಯ್ಯಬಾರದು, ಥರ್ಮಾಸಿನಲ್ಲಿ ಕುದಿನೀರು, ಒಣಗಿದ ಸಣ್ಣ ಡಬ್ಬಿಯಲ್ಲಿ ಒಂದು ಹೊತ್ತಿನ ಪುಡಿ, ಕುದಿಸಿ ಸುತ್ತಿಟ್ಟ ಒಳಲೆ, ಇಷ್ಟನ್ನು ಬೇರೆ ಬೇರೆಯಾಗಿ ಒಯ್ದು, ಹಸಿದಾಗ ಅಲ್ಲಿಯೇ ಕಲಸಬೇಕು.

ಬೋಗುಣಿಯಲ್ಲಿ ಉಳಿದು ಆರಿದ ನೀರಿನ ಗತಿಯೇನು? ಅದು ಪುಡಿ ಕಲಸಲು ಸಲ್ಲದಿದ್ದರೂ ವ್ಯರ್ಥವಲ್ಲ. ಕುದಿಸಿದ ಒಳಲೆಯನ್ನು ಮತ್ತೆ ಜಾಲಿಸಲು, ಬಾಣಂತಿಗೆ ಕುಡಿಯಲು, ಆರು ತಿಂಗಳು ದಾಟಿದ ಕೂಸಿಗೆ ಗುಟುಕು ನೀರಾಗಿ ಕೊಡಲು ಅದು ಒದಗುತ್ತದೆ. ಕುದಿಸಿದ ಬೋಗುಣಿಯಲ್ಲಿಯೇ ಮುಚ್ಚಿಡುವುದು ಶ್ರೇಯಸ್ಕರ, ಏಕೆಂದರೆ ಹರವಿಗೋ ಕೊಡಕ್ಕೋ ಸುರಿದೊಡನೆ ಆ ಪಾತ್ರೆಯ ದೋಷವೆಲ್ಲ ಅದಕ್ಕೆ ಅಂಟುತ್ತದೆ. ಲೋಟವನ್ನೂ ಬೆರಳನ್ನೂ ಅದ್ದದೆ, ಬಗ್ಗಿಸಿ ಸುರಿದುಕೊಳ್ಳಬೇಕು ಇಲ್ಲವೇ ಉದ್ದ ಹಿಡಿಯ ಸವುಟಿನಿಂದ ತೆಗೆಯಬೇಕು. ದಿನವೊಂದು ಕಳೆದ ನೀರನ್ನು ಗಿಡಕ್ಕೆ ಹಾಕಿ ಹೊಸದನ್ನು ಕುದಿಸಬೇಕು. ತಂಪುಪೆಟ್ಟಿಗೆ ಇರುವ ಮನೆಯವರು ಬಿಸಿನೀರಿನಲ್ಲಿ ಕಲಸಿದ ಹಾಲನ್ನೇ ಬೇಗ ಆರಿಸಿ 5 ಡಿಗ್ರಿಗಿಂತ ಕೆಳಗೆ, ಹೆಚ್ಚೆಂದರೆ 24 ಗಂಟೆ ಇಡಬಹುದೆಂದು ನಿಯಮ ಹೇಳುತ್ತದೆ. ಆದರೆ ಬೇಸಗೆಯಲ್ಲಿ ಕರೆಂಟು ಗಂಟೆಗಟ್ಟಲೆ ಹೋಗುವ ಊರಿನಲ್ಲಿ ಆ 5 ಡಿಗ್ರಿಯನ್ನು ನಂಬಿ ಕೂಡುವಂತಿಲ್ಲವಾದ್ದರಿಂದ, ಹೊತ್ತುಹೊತ್ತಿಗೆ ಕಲಸುವುದೇ ನಮ್ಮ ಸೀಮೆಗೆ ಹೊಂದುತ್ತದೆ.

ಇಷ್ಟೆಲ್ಲ ಜಾಗ್ರತೆ ವಹಿಸಿದರೂ ಕೂಸು ಹಾಲು ಎಳೆಯದೆ ಮುಖ ತಿರುಗಿಸಿದರೆ, ಎಬ್ಬಿಸಿದರೂ ಏಳದಂತೆ ಮಂಕಾದರೆ, ಮೈ ಸುಟ್ಟರೆ ಅಥವಾ ಅಸಹಜವಾಗಿ ತಣ್ಣಗಾದರೆ, ನೆತ್ತಿ ಉಬ್ಬಿದಂತೆ ತೋರಿದರೆ, ಮೈ ಸೆಟೆದರೆ, ಮೇಲಿಂದ ಮೇಲೆ ನೀರಾಗಿ ಭೇದಿಯಾದರೆ, ತುಟಿಯೂ ಉಗುರೂ ನೀಲಿಗಟ್ಟಿದರೆ, ದೃಷ್ಟಿಯಾಯಿತೆಂದು ಮೆಣಸಿನಕಾಯಿ ನಿವಾಳಿಸುತ್ತ ಹೊತ್ತು ಕಳೆಯಬಾರದು. ಎಳೆಗೂಸಿನಲ್ಲಿ ಮಿದುಳುಪೊರೆಯ ಸೋಂಕು ಬೆಳಗಿನಿಂದ ಸಂಜೆಯೊಳಗೆ ಕೈಮೀರಬಲ್ಲುದು. ತಾಲೂಕಿನ ಸರಕಾರಿ ಆಸ್ಪತ್ರೆಗೆ ಹೊರಡುವಾಗ ಕೂಸಿನ ಜತೆಗೆ ಪುಡಿಯ ಡಬ್ಬಿಯನ್ನೂ, ನೀರು ತಂದ ಮೂಲದಿಂದ ತೊಳೆದ ಬಾಟ್ಲಿಯಲ್ಲಿ ತುಂಬಿದ ಅರ್ಧ ಲೀಟರು ನೀರನ್ನೂ ಒಯ್ಯಬೇಕು. ಕೊನೆಯ ಸಲ ಎಷ್ಟು ಗಂಟೆಗೆ ಕಲಸಿದಿರಿ, ಯಾವ ನೀರಿನಲ್ಲಿ, ಎಷ್ಟು ಬಿಸಿಯಿತ್ತು, ಕಲಸಿದ ಮೇಲೆ ಎಷ್ಟು ಹೊತ್ತಿಗೆ ಕುಡಿಸಿದಿರಿ ಎಂಬುದನ್ನು ವೈದ್ಯರು ಕೇಳುವ ಮುನ್ನವೇ ಹೇಳಬೇಕು. ಡಬ್ಬಿಯ ತಳದಲ್ಲಿ ಅಚ್ಚಾಗಿರುವ ಬ್ಯಾಚ್ ಸಂಖ್ಯೆಯೂ ಅವರಿಗೆ ಬೇಕಾಗುತ್ತದೆ. ಆದ್ದರಿಂದ ಪುಡಿಯನ್ನು ಬೇರೆ ಡಬ್ಬಿಗೆ ಸುರಿಯದೆ, ಮೂಲ ಡಬ್ಬಿಯನ್ನು ರದ್ದಿಯವನಿಗೆ ಕೊಡದೆ, ಪುಡಿ ಮುಗಿದ ಮೇಲೂ ಒಂದೆರಡು ವಾರ ಮನೆಯಲ್ಲಿಯೇ ಇಟ್ಟುಕೊಂಡಿರಬೇಕು.